ಸೀರೆ ಸೂರತ್‌ನಲ್ಲಿ, ಮಾತು ಉಮದಿಯಲ್ಲಿ

ಜತ್ತ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು ದೀಪಾವಳಿಯ ಮಾಲನ್ನು ಗಣೇಶ ಚೌತಿಯ ಹೊತ್ತಿಗೇ ಕಟ್ಟಿ ತರಬೇಕು. ಆಗ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಸಾಂಗ್ಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ವಿಜಯಪುರ ಜಿಲ್ಲೆಗೆ ತಾಗಿಕೊಂಡಿರುವ ಈ ತಾಲೂಕು ಮಳೆನೆರಳಿನ ನಾಡು. ಹಿಂಗಾರಿ ಮಳೆ ಕೈಕೊಟ್ಟರೆ ಜೋಳ ಹೋಯಿತು, ದಾಳಿಂಬೆಗೆ ರೋಗ ಬಿದ್ದರೆ ತೋಟ ಹೋಯಿತು, ಒಣದ್ರಾಕ್ಷಿಯ ದರ ಕುಸಿದರೆ ಬೇಸಿಗೆಯ ಮದುವೆಗಳು ಸಣ್ಣವಾದವು. ಇದ್ಯಾವುದೂ ಗೊತ್ತಾಗುವ ಮೊದಲೇ ಅಂಗಡಿಕಾರರ ದುಡ್ಡು ಸೀರೆಯ ಗಂಟಾಗಿ ಕಪಾಟಿನಲ್ಲಿ ಕೂತಿರುತ್ತದೆ. ಮಾಲು ಹೋದರೆ ಲಾಭ. ಹೋಗದಿದ್ದರೆ ಮುಂದಿನ ವರ್ಷಕ್ಕೆ ಅದು ಹಳೆಯ ಡಿಸೈನು.

ಕಳೆದ ಕೆಲವು ವರ್ಷಗಳಲ್ಲಿ ಈ ಕಪಾಟೇ ಇಲ್ಲದ ಒಂದು ವ್ಯಾಪಾರ ಹಳ್ಳಿಗಳ ಒಳಗೆ ಬಂದಿದೆ. ಉಮದಿಯಲ್ಲೋ ಸಂಖದಲ್ಲೋ ಮನೆಯಲ್ಲಿರುವ ಒಬ್ಬ ಹೆಣ್ಣುಮಗಳು ತನ್ನ ಓಣಿಯವರ, ತವರಿನವರ, ಸ್ವಸಹಾಯ ಸಂಘದವರ ವಾಟ್ಸಾಪ್ ಗುಂಪಿನಲ್ಲಿ ಸೀರೆಯ ಫೋಟೋ ಹಾಕುತ್ತಾಳೆ. ಸೀರೆ ಅವಳ ಹತ್ತಿರ ಇಲ್ಲ, ಅವಳು ಅದನ್ನು ಮುಟ್ಟಿ ನೋಡಿಯೂ ಇಲ್ಲ. ಅದು ಸೂರತ್‌ನ ಯಾವುದೋ ಗೋದಾಮಿನಲ್ಲಿದೆ. ಗಿರಾಕಿ ಒಪ್ಪಿದ ಮೇಲೆ ಇವಳು ಆರ್ಡರ್ ಹಾಕುತ್ತಾಳೆ, ಪಾರ್ಸೆಲ್ ಸೂರತ್‌ನಿಂದ ನೇರ ಗಿರಾಕಿಯ ಮನೆಗೆ ಹೋಗುತ್ತದೆ, ನಡುವಿನ ವ್ಯತ್ಯಾಸ ಇವಳ ಗಳಿಕೆ. ವ್ಯಾಪಾರದ ಪುಸ್ತಕಗಳು ಇದನ್ನು ಡ್ರಾಪ್ ಶಿಪ್ಪಿಂಗ್ ಎನ್ನುತ್ತವೆ; ಮಾಡುವವರು ‘ರಿಸೆಲ್ಲಿಂಗ್’ ಎನ್ನುತ್ತಾರೆ. ಇದನ್ನು ಕಲಿಸುತ್ತೇವೆಂದು ವಿಡಿಯೋ ಮಾಡುವವರು ಒಂದು ಮಾತನ್ನು ಬಿಡದೆ ಹೇಳುತ್ತಾರೆ: ಬಂಡವಾಳ ಬೇಡ, ದಾಸ್ತಾನು ಬೇಡ, ನಷ್ಟದ ಭಯವೇ ಇಲ್ಲ.

ಮೊದಲೆರಡು ಮಾತು ನಿಜ. ಮೂರನೆಯದನ್ನು ಪರೀಕ್ಷೆಗೆ ಒಡ್ಡಬೇಕು. ಮಾಲು ಎಲ್ಲಿಯೋ ಒಂದು ಕಡೆ ಇದ್ದೇ ಇರಬೇಕಾದರೆ, ಅದು ಮಾರದೆ ಉಳಿಯುವ ಭಯವೂ ಎಲ್ಲಿಯೋ ಇರಬೇಕು. ಅದು ಯಾರ ಹೆಗಲಿಗೆ ಹೋಯಿತು, ಹೋಗುವಾಗ ಎಷ್ಟು ಕರಗಿತು, ಅದರ ಬದಲಿಗೆ ಮಾರುವವಳ ಬಳಿ ಏನು ಉಳಿಯಿತು ಎಂಬ ಲೆಕ್ಕದ ಮೇಲೆ ಈ ಪದ್ಧತಿಯ ಬೆಲೆ ಕಟ್ಟಬೇಕು.

ಭಾರತದಲ್ಲಿ ಈ ವ್ಯಾಪಾರವನ್ನು ಹಳ್ಳಿಯವರೆಗೆ ತಂದದ್ದು ಮುಖ್ಯವಾಗಿ ಬೆಂಗಳೂರಿನ ಕಂಪನಿಗಳು. ಐಐಟಿ ದಿಲ್ಲಿಯಲ್ಲಿ ಓದಿದ ವಿದಿತ್ ಆತ್ರೇಯ ಮತ್ತು ಸಂಜೀವ್ ಬರ್ನವಾಲ್ 2015ರಲ್ಲಿ ಮೀಶೋ ಕಟ್ಟಿದರು. 2017ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಗ್ಲೋರೋಡ್ ಅದೇ ದಾರಿ ಹಿಡಿಯಿತು. ಅದನ್ನು 2022ರಲ್ಲಿ ಅಮೆಜಾನ್ ಕೊಂಡಿತು. ಮೀಶೋದ ಮೂಲ ಯೋಚನೆ ಸರಳವಾಗಿತ್ತು. ಹೆಂಗಸರು ವಾಟ್ಸಾಪ್‌ನಲ್ಲಿ ಆಗಲೇ ಸೀರೆ, ಡ್ರೆಸ್ ಮಾರುತ್ತಿದ್ದರು. ಅವರಿಗೆ ಪೂರೈಕೆದಾರರ ಪಟ್ಟಿ, ಕೊರಿಯರ್, ಹಣ ವಸೂಲಿ ಮೂರನ್ನೂ ಒಂದೇ ಆ್ಯಪ್‌ನಲ್ಲಿ ಕೊಟ್ಟರೆ ಸಾಕು. ಆರ್ಡರ್ ಹಾಕುವಾಗ ರಿಸೆಲರ್ ತನ್ನ ಮಾರ್ಜಿನ್ ಸೇರಿಸಿದ ಬೆಲೆಯನ್ನು ತುಂಬುತ್ತಾಳೆ. ಕೊರಿಯರ್ ಹುಡುಗ ಆ ಪೂರ್ತಿ ಮೊತ್ತವನ್ನು ಬಾಗಿಲಲ್ಲಿ ವಸೂಲು ಮಾಡುತ್ತಾನೆ. ವಾಪಸಾತಿಯ ಅವಧಿ ಮುಗಿದ ಮೇಲೆ ಮಾರ್ಜಿನ್ ಅವಳ ಬ್ಯಾಂಕ್ ಖಾತೆಗೆ ಬರುತ್ತದೆ. 2019ರಲ್ಲಿ ಫೇಸ್‌ಬುಕ್ ಮೀಶೋದಲ್ಲಿ ಹಣ ಹಾಕಿತು. ಭಾರತದ ಸ್ಟಾರ್ಟಪ್ ಒಂದರಲ್ಲಿ ಅದರ ಮೊದಲ ಹೂಡಿಕೆ ಅದು.

ಇದರ ಪಕ್ಕದಲ್ಲೇ ಆ್ಯಪ್ ಇಲ್ಲದ ಇನ್ನೊಂದು ಬಗೆ ಇದೆ. ಇಳಕಲ್, ಬೆಂಗಳೂರು, ಸೂರತ್‌ಗಳ ಹೋಲ್‌ಸೇಲ್‌ನವರು ತಾವೇ ವಾಟ್ಸಾಪ್ ಗುಂಪು ನಡೆಸಿ ರಿಸೆಲರ್‌ಗಳಿಗೆ ಫೋಟೋ ಹಂಚುತ್ತಾರೆ. ಇಲ್ಲಿ ಕ್ಯಾಶ್ ಆನ್ ಡೆಲಿವರಿ ಸಾಮಾನ್ಯವಾಗಿ ಇರುವುದಿಲ್ಲ. ಗಿರಾಕಿ ರಿಸೆಲರ್‌ಗೆ, ರಿಸೆಲರ್ ಹೋಲ್‌ಸೇಲ್‌ನವರಿಗೆ ಯುಪಿಐ ಮೂಲಕ ಮೊದಲೇ ಹಣ ಹಾಕಬೇಕು. ಎರಡೂ ಬಗೆಯಲ್ಲಿ ದಾಸ್ತಾನು ಮಾರುವವಳ ಕೈಯಲ್ಲಿಲ್ಲ. ಆದರೆ ನಷ್ಟ ಹರಿಯುವ ದಾರಿ ಬೇರೆ ಬೇರೆ.

ಮೊದಲು ಆ್ಯಪ್‌ನ ಬಗೆಯನ್ನೇ ಒಂದು ಲೆಕ್ಕದಲ್ಲಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ಹಿಡಿದವು. ದರ ಬದಲಾದರೂ ಲೆಕ್ಕದ ಸ್ವರೂಪ ಬದಲಾಗದು. ಜತ್ತದ ಅಂಗಡಿಕಾರರೊಬ್ಬರು ಒಂದೇ ಬಗೆಯ 10 ಸೀರೆಗಳನ್ನು ತಲಾ 400 ರೂಪಾಯಿಗೆ ತಂದರು. 4,000 ರೂಪಾಯಿ ಕೈಬಿಟ್ಟಿತು. ಹಬ್ಬದಲ್ಲಿ 8 ಸೀರೆ ತಲಾ 600ಕ್ಕೆ ಹೋದವು. ಉಳಿದ ಎರಡನ್ನು ನಾಲ್ಕು ತಿಂಗಳ ಮೇಲೆ ತಲಾ 300ಕ್ಕೆ ಸಾಗಹಾಕಿದರು. ಬಂದದ್ದು 5,400, ಲಾಭ 1,400. ಆ 4,000ಕ್ಕೆ ತಿಂಗಳಿಗೆ ನೂರಕ್ಕೆ ಎರಡರಂತೆ ನಾಲ್ಕು ತಿಂಗಳ ಬಡ್ಡಿ ಹಿಡಿದರೆ 320 ಹೋಗುತ್ತದೆ. ಉಳಿದದ್ದು 1,080. ಅಂಗಡಿ ಬಾಡಿಗೆ, ಕರೆಂಟು ಬಿಲ್ಲು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಉಮದಿಯ ರಿಸೆಲರ್ ಅಂಥದೇ ಸೀರೆಯನ್ನು ಆ್ಯಪ್‌ನಲ್ಲಿ 480ಕ್ಕೆ ನೋಡಿ, 120 ಸೇರಿಸಿ ಅದೇ 600 ಹೇಳುತ್ತಾಳೆ. ಅವಳಿಗೂ 10 ಆರ್ಡರ್ ಬಂದವು. ಎರಡು ಪಾರ್ಸೆಲ್ ಬಾಗಿಲಿಂದಲೇ ವಾಪಸ್ ಹೋದವು. ಒಂದು ಸೀರೆ ಫೋಟೋದ ಬಣ್ಣಕ್ಕೂ ಕೈಗೆ ಬಂದ ಬಣ್ಣಕ್ಕೂ ಹೊಂದದೆ ಹಿಂದಿರುಗಿತು. ಉಳಿದ 7ರ ಮೇಲೆ 840 ರೂಪಾಯಿ ಸಿಕ್ಕಿತು. ಅವಳ ಕೈಯಿಂದ ಒಂದು ಪೈಸೆಯೂ ಹೋಗಿಲ್ಲ. 4,000 ರೂಪಾಯಿ ತೊಡಗಿಸಿದವರಿಗೆ 1,080, ಏನೂ ತೊಡಗಿಸದವಳಿಗೆ 840. ಇಷ್ಟು ನೋಡಿದರೆ ಡ್ರಾಪ್ ಶಿಪ್ಪಿಂಗ್ ಗೆದ್ದಂತೆಯೇ. ವಿಡಿಯೋಗಳು ಇಲ್ಲಿಗೇ ಮುಗಿಯುತ್ತವೆ.

ಇದೇ ಲೆಕ್ಕವನ್ನು ಸೂರತ್‌ನಿಂದ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಅಲ್ಲಿನ ಪೂರೈಕೆದಾರ 7 ಸೀರೆ ಮಾರಲು 10 ಸೀರೆ ಕಳಿಸಿದ. ಮೂರು ಸೀರೆಗಳು ಉಮದಿಯವರೆಗೆ ಹೋಗಿ ಮರಳಿದವು. ಹೋಗಿಬರಲು ಒಂದಕ್ಕೆ 140 ರೂಪಾಯಿಯಂತೆ ಹಿಡಿದರೆ 420 ರೂಪಾಯಿ ರಸ್ತೆಯ ಪಾಲಾಯಿತು. ಈ ಹಣವನ್ನು ಕೆಲವು ಕಡೆ ಪೂರೈಕೆದಾರ ತೆರುತ್ತಾನೆ, ಕೆಲವು ಕಡೆ ಆ್ಯಪ್ ಕಂಪನಿ ತೆರುತ್ತದೆ. ಯಾರು ತೆತ್ತರೂ ಅದು ಕೊನೆಗೆ ಬೆಲೆಯೊಳಗೆ ಬಂದು ಕೂರುತ್ತದೆ: ಸೀರೆ ಇಟ್ಟುಕೊಂಡ ಏಳು ಮಂದಿ ತಲಾ 60 ರೂಪಾಯಿಯನ್ನು ಬೇಡವೆಂದ ಮೂರು ಮಂದಿಗಾಗಿ ಕೊಟ್ಟಂತಾಯಿತು. ಅಷ್ಟೇ ಅಲ್ಲ, ದಾರಿಯಲ್ಲಿರುವ ಎರಡು ಮೂರು ವಾರ ಆ ಸೀರೆಗಳು ಯಾರಿಗೂ ಮಾರಲು ಸಿಗುವುದಿಲ್ಲ. ದೀಪಾವಳಿಗೆ ಹೊರಟ ಸೀರೆ ದೀಪಾವಳಿ ಮುಗಿದ ಮೇಲೆ ಗೋದಾಮಿಗೆ ಮರಳಿದರೆ ಅದೂ ಹಳೆಯ ಮಾಲೇ. ಜತ್ತದ ಕಪಾಟಿನಲ್ಲಿ ಕೂತಿರುತ್ತಿದ್ದ ಉಳಿಕೆ ಮಾಲು ಇಲ್ಲಿ ಲಾರಿಯಲ್ಲಿ ಓಡಾಡುತ್ತಿರುತ್ತದೆ.

ವಾಪಸಾತಿಯ ಭಯಕ್ಕೆ ಎಷ್ಟು ಬೆಲೆ ಎಂಬುದನ್ನು ಆ್ಯಪ್‌ನ ಪರದೆಯ ಮೇಲೇ ಓದಬಹುದು. ಮೀಶೋದಲ್ಲಿ ಅನೇಕ ವಸ್ತುಗಳಿಗೆ ಎರಡು ಬೆಲೆಗಳಿವೆ. ಯಾವ ಕಾರಣಕ್ಕಾದರೂ ಮರಳಿಸಬಹುದು ಎಂದರೆ ಒಂದು ಬೆಲೆ. ತಪ್ಪು ವಸ್ತುವೋ ಹಾಳಾದ ವಸ್ತುವೋ ಬಂದರೆ ಮಾತ್ರ ಮರಳಿಸುತ್ತೇನೆ ಎಂದು ಒಪ್ಪಿದರೆ ಅದಕ್ಕಿಂತ ಕಡಿಮೆ ಬೆಲೆ. ಮನಸ್ಸು ಬದಲಾಯಿಸುವ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಸಿಗುವ ರಿಯಾಯಿತಿ ಇದು. ರಿಸೆಲರ್ ಕಡಿಮೆ ಬೆಲೆಯದನ್ನು ಆರಿಸಿ, ತನ್ನ ಗಿರಾಕಿಗೆ ಆ ಷರತ್ತನ್ನು ಬಿಡಿಸಿ ಹೇಳದಿದ್ದರೆ, ಬಣ್ಣ ಹಿಡಿಸದ ಸೀರೆಯ ಜಗಳ ನೇರ ಅವಳ ಅಂಗಳಕ್ಕೆ ಬರುತ್ತದೆ.

ಹಾಗಾದರೆ ಭಯ ಬರೀ ಕೈ ಬದಲಾಯಿಸಿತೇ, ಕಡಿಮೆ ಆಗಲೇ ಇಲ್ಲವೇ? ಆಗಿದೆ, ಮತ್ತು ಈ ಪದ್ಧತಿಯ ನಿಜವಾದ ಬಲ ಇರುವುದು ಅಲ್ಲೇ. ಜತ್ತದ ಅಂಗಡಿಗೆ ಜತ್ತದ್ದೊಂದೇ ಸಂತೆ. ಹಿಂಗಾರಿ ಕೈಕೊಟ್ಟ ವರ್ಷ ಅದರ ಕಪಾಟು ಪೂರ್ತಿ ಉಳಿಯುತ್ತದೆ. ಸೂರತ್‌ನ ಪೂರೈಕೆದಾರನಿಗೆ ಜತ್ತವೂ ಇದೆ, ಬಿಹಾರವೂ ಇದೆ, ಕೇರಳವೂ ಇದೆ. ಉಮದಿಯಲ್ಲಿ ಹೋಗದ ಸೀರೆ ಪಟ್ನಾದಲ್ಲಿ ಹೋಗುತ್ತದೆ. ನೂರು ಅಂಗಡಿಗಳು ತಲಾ ಹತ್ತರಂತೆ ಸಾವಿರ ಸೀರೆ ಇಟ್ಟುಕೊಂಡು ಕಾಯುವ ಬದಲು ಒಂದೇ ಗೋದಾಮು ಅದಕ್ಕಿಂತ ಕಡಿಮೆ ಇಟ್ಟುಕೊಂಡು ಅಷ್ಟೇ ಗಿರಾಕಿಗಳನ್ನು ತೃಪ್ತಿಪಡಿಸಬಲ್ಲದು, ಏಕೆಂದರೆ ಒಂದೂರಿನ ಕೊರತೆಯನ್ನು ಇನ್ನೊಂದೂರಿನ ಹೆಚ್ಚಳ ತುಂಬುತ್ತದೆ. ಹಂಚಿಹೋದ ಬೇಡಿಕೆಯನ್ನು ಒಂದೆಡೆ ಕೂಡಿಸಿದಾಗ ಅನಿಶ್ಚಿತತೆ ತಾನೇ ಇಳಿಯುತ್ತದೆ. ಮೊಬೈಲ್ ಕವರ್, ಮಕ್ಕಳ ಅಂಗಿ, ಅಡುಗೆಮನೆಯ ಪ್ಲಾಸ್ಟಿಕ್ ಸಾಮಾನು, ದಿನಬಳಕೆಯ ಸಿಂಥೆಟಿಕ್ ಸೀರೆ ಇವೆಲ್ಲ ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತವೆ.

ಇಳಕಲ್ ಸೀರೆ ಹೊಂದುವುದಿಲ್ಲ. ಒಡಲು ಬೇರೆ, ರೇಷ್ಮೆಯ ಕೆಂಪು ಸೆರಗು ಬೇರೆ. ಎರಡರ ಹಾಸನ್ನೂ ಕೊಂಡಿ ಹಾಕಿ ತೋಪು ತೆನೆಯಿಂದ ಕೂಡಿಸಿ ನೇಯುವ ಸೀರೆ ಅದು. ಅದನ್ನು ಉಡುವವರು ಹೆಚ್ಚಾಗಿರುವುದು ಉತ್ತರ ಕರ್ನಾಟಕ ಮತ್ತು ಅದಕ್ಕೆ ತಾಗಿದ ಮಹಾರಾಷ್ಟ್ರದ ಜಿಲ್ಲೆಗಳಲ್ಲಿ. ಇಲ್ಲಿ ಬರ ಬಿದ್ದರೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಟ್ಟಿಗೇ ಬೀಳುತ್ತದೆ, ಮದುವೆಯ ತಿಂಗಳುಗಳೂ ಒಂದೇ. ಒಂದೂರಿನ ಕೊರತೆಯನ್ನು ತುಂಬಲು ಇನ್ನೊಂದೂರಿಲ್ಲ. ಹಾಗಾಗಿ ಜತ್ತದ ರಿಸೆಲರ್ ದಾಸ್ತಾನು ಇಡದಿದ್ದರೆ ಆ ಭಾರ ಕರಗದೆ, ಹಾಗೆಯೇ ಇಳಕಲ್‌ನ ನೇಕಾರ ಅಥವಾ ನೇಯಿಸುವವರ ಮೇಲೆ ಹೋಗಿ ಕೂರುತ್ತದೆ. ಅವರಾದರೋ ಸೂರತ್‌ನ ಗೋದಾಮಿನವರಷ್ಟು ದುಡ್ಡುಳ್ಳವರಲ್ಲ.

ಕೈಮಗ್ಗದ ಮಾಲಿನಲ್ಲಿ ಇನ್ನೊಂದು ತೊಡಕಿದೆ. ವಾಟ್ಸಾಪ್ ವ್ಯಾಪಾರದಲ್ಲಿ ಫೋಟೋದ ಕೆಳಗೆ ‘ಸಿಂಗಲ್ಸ್’ ಅಥವಾ ‘ಮಲ್ಟಿಪಲ್ಸ್’ ಎಂದು ಬರೆಯುತ್ತಾರೆ. ಮಲ್ಟಿಪಲ್ಸ್ ಎಂದರೆ ಅದೇ ಸೀರೆ ಹಲವು ಇವೆ. ಸಿಂಗಲ್ಸ್ ಎಂದರೆ ಇರುವುದು ಒಂದೇ. ಆ ಒಂದೇ ಸೀರೆಯ ಫೋಟೋ ಐವತ್ತು ರಿಸೆಲರ್‌ಗಳ ಗುಂಪಿಗೆ ಹೋಗುತ್ತದೆ, ಅವರಿಂದ ನೂರಾರು ಗಿರಾಕಿಗಳ ಫೋನಿಗೆ. ಬೆಳಗ್ಗೆ ಹತ್ತಕ್ಕೆ ಒಬ್ಬರು ಬುಕ್ ಮಾಡಿದರೆ ಉಳಿದ ನಲವತ್ತೊಂಬತ್ತು ಫೋಟೋಗಳು ತಮ್ಮಷ್ಟಕ್ಕೆ ಅಳಿಸಿಹೋಗುವುದಿಲ್ಲ. ಸಂಜೆ ಉಮದಿಯ ಗಿರಾಕಿ ಹಣ ಹಾಕಿಬಿಡುತ್ತಾಳೆ. ರಿಸೆಲರ್ ಹೋಲ್‌ಸೇಲ್‌ನವರನ್ನು ಕೇಳಿದರೆ ‘ಮುಗೀತು’ ಎಂಬ ಉತ್ತರ. ಅನುಭವ ಇದ್ದವರು ಇದಕ್ಕೊಂದು ಕ್ರಮ ಮಾಡಿಕೊಂಡಿದ್ದಾರೆ. ಮೊದಲು ‘ಐತೇನ್ರಿ?’ ಎಂದು ಕೇಳಿ, ಇದೆ ಎಂಬ ಉತ್ತರ ಬರೆಹದಲ್ಲಿ ಬಂದ ಮೇಲೇ ಗಿರಾಕಿಯಿಂದ ಹಣ ತೆಗೆದುಕೊಳ್ಳುತ್ತಾರೆ. ಪೂರೈಕೆದಾರರು ‘ಅನ್‌ಬಾಕ್ಸಿಂಗ್ ವಿಡಿಯೋ ಕಡ್ಡಾಯ’ ಎಂಬ ಷರತ್ತು ಹಾಕುತ್ತಾರೆ: ಪಾರ್ಸೆಲ್ ಒಡೆಯುವ ವಿಡಿಯೋ ಇಲ್ಲದಿದ್ದರೆ ಹರಿದ ಸೀರೆಯ ದೂರು ನಡೆಯುವುದಿಲ್ಲ. ಗಿರಾಕಿಗೆ ಇದನ್ನು ಮೊದಲೇ ಹೇಳದಿದ್ದರೆ ಸೀರೆಯ ಹಣ ರಿಸೆಲರ್‌ ತಲೆಗೆ ಬರುತ್ತದೆ. ದಾಸ್ತಾನಿಲ್ಲದ ವ್ಯಾಪಾರದಲ್ಲೂ ಪೂರ್ತಿ ಒಂದು ಸೀರೆಯ ನಷ್ಟ ಆಗುವುದು ಹೀಗೆ.

ಮಾಲಿನ ವಿಷಯ ಇಷ್ಟು. ದಿನಾಂಕದ ವಿಷಯ ಇದಕ್ಕಿಂತ ಬಿಗಿ.

ಗುಡ್ಡಾಪುರದ ದಾನಮ್ಮದೇವಿ ಜಾತ್ರೆಗೆ ಉಡಲು ಬೇಕಾದ ಸೀರೆ ಜಾತ್ರೆಯ ಮರುದಿನ ಬಂದರೆ ಏನೂ ಬೆಲೆಯಿಲ್ಲ. ಅಂಗಡಿಯಲ್ಲಿ ಕೊಂಡವಳು ಸೀರೆಯನ್ನು ಕೈಯಲ್ಲಿ ಹಿಡಿದೇ ಮನೆಗೆ ಹೋಗುತ್ತಾಳೆ. ಮಾರಾಟ ಮತ್ತು ತಲುಪಿಸುವಿಕೆ ಒಂದೇ ಕ್ಷಣದಲ್ಲಿ ಮುಗಿಯುತ್ತವೆ. ಡ್ರಾಪ್ ಶಿಪ್ಪಿಂಗ್ ಈ ಎರಡನ್ನೂ ಬಿಡಿಸಿ ನಡುವೆ ಕನಿಷ್ಠ ನಾಲ್ಕು ಕೈಗಳನ್ನು ಇಡುತ್ತದೆ. ಪೂರೈಕೆದಾರ ಹೇಳಿದ ದಿನ ಪ್ಯಾಕ್ ಮಾಡಬೇಕು. ಕೊರಿಯರ್‌ನವರು ಅಂದೇ ಎತ್ತಬೇಕು. ದೂರದ ಲಾರಿ ತಪ್ಪದೆ ಸಾಗಬೇಕು. ಕೊನೆಗೆ ಊರಿನ ಹುಡುಗ ಬೈಕ್ ಹತ್ತಿ ಮನೆ ಹುಡುಕಬೇಕು. ನಾಲ್ವರೂ ನಂಬಿಗಸ್ತರೇ, ಹತ್ತರಲ್ಲಿ ಒಂಬತ್ತು ಸಲ ಮಾತು ಉಳಿಸಿಕೊಳ್ಳುವವರೇ ಎಂದಿಟ್ಟುಕೊಳ್ಳಿ. ನಾಲ್ಕೂ ಕೂಡಿ ಮಾತು ಉಳಿಯುವುದು ನೂರಕ್ಕೆ ಸುಮಾರು 66 ಸಲ ಮಾತ್ರ, ಏಕೆಂದರೆ ಒಬ್ಬರು ತಪ್ಪಿದರೂ ದಿನಾಂಕ ತಪ್ಪುತ್ತದೆ. ಈ ನಾಲ್ವರಲ್ಲಿ ಒಬ್ಬರೂ ರಿಸೆಲರ್ ಮಾತು ಕೇಳುವವರಲ್ಲ. ‘ಬುಧವಾರ ಬರ್ತದ’ ಎಂದು ಗಿರಾಕಿಗೆ ಹೇಳಿದವಳು ಮಾತ್ರ ಅವಳೇ.

ಉಮದಿಗೆ ಇನ್ನೊಂದು ಸುತ್ತಿದೆ. ಊರಿಗೆ ವಿಜಯಪುರ ಹತ್ತಿರ, ಸಾಂಗ್ಲಿ ದೂರ. ಸಂಬಂಧ, ಆಸ್ಪತ್ರೆ, ಸಂತೆ ಅನೇಕರಿಗೆ ಆ ಕಡೆಯೇ. ಆದರೆ 1972ರಲ್ಲಿ ಬಂದ ಪಿನ್ ಕೋಡ್ ವ್ಯವಸ್ಥೆಯಲ್ಲಿ ಈ ತಾಲೂಕು 416ರಿಂದ ಶುರುವಾಗುವ ಕೊಲ್ಹಾಪುರ, ಸಾಂಗ್ಲಿಗಳ ಸಾಲಿಗೆ ಸೇರಿತು, ವಿಜಯಪುರದ್ದು 586. ಆ್ಯಪ್‌ನಲ್ಲಿ ಕಾಣುವ ‘ತಲುಪುವ ದಿನಾಂಕ’ ಲೆಕ್ಕವಾಗುವುದು ಈ ಆರು ಅಂಕಿಗಳ ಆಧಾರದಲ್ಲಿ. ಒಂದೇ ಪಿನ್‌ನೊಳಗೆ ಪೇಟೆಯ ಮಗ್ಗುಲ ಮನೆಯೂ ಇರುತ್ತದೆ, ಹೊಲದ ನಡುವಿನ ವಸ್ತಿಯೂ ಇರುತ್ತದೆ. ದಿನಾಂಕ ಇಬ್ಬರಿಗೂ ಒಂದೇ. ಬೈಕ್ ತಲುಪುವ ದಿನ ಬೇರೆ. ಮಾರುತಿ ಗುಡಿ ಹಿಂದೆ, ಪಾಟೀಲರ ತೋಟದ ಹತ್ತಿರ ಎಂಬ ವಿಳಾಸವನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಫೋನ್ ಮಾಡಿದ ಹುಡುಗನಿಗೆ ಕನ್ನಡದ ಅಜ್ಜಿ ಹೇಳಿ ಮುಗಿಸುವಷ್ಟರಲ್ಲಿ ಅವನು ಮುಂದಿನ ಪಾರ್ಸೆಲ್ ಹಿಡಿದು ಹೊರಟಿರುತ್ತಾನೆ.

ಬಾಗಿಲಿಂದ ಮರಳುವ ಪಾರ್ಸೆಲ್‌ಗೆ ಕೊರಿಯರ್‌ನವರು ಆರ್‌ಟಿಒ ಎನ್ನುತ್ತಾರೆ, ಅಂದರೆ ಹೊರಟಲ್ಲಿಗೇ ವಾಪಸ್. ಇದು ಗಿರಾಕಿಯ ಚಂಚಲತೆಯಿಂದ ಆಗುತ್ತದೆ ಎಂಬುದು ಸಾಮಾನ್ಯ ದೂರು. ಜತ್ತದಲ್ಲಿ ಕಾರಣ ಬಹಳ ಸಲ ಕ್ಯಾಲೆಂಡರಿನಲ್ಲಿದೆ. ಹೈನು ಇರುವ ಮನೆಗೆ ನಗದು ಬರುವುದು ಹತ್ತು ದಿನಕ್ಕೊಮ್ಮೆ, ಹಾಲಿನ ಬಿಲ್ಲಿನಲ್ಲಿ. ಬಿಲ್ಲು ಬಂದ ಮರುದಿನ ಪಾರ್ಸೆಲ್ ಬಂದರೆ 600 ರೂಪಾಯಿ ಕೈಗೆ ಸಿಗುತ್ತದೆ. ಎರಡು ದಿನ ಮೊದಲು ಬಂದರೆ ಮನೆಯಲ್ಲಿ 200 ಇರುತ್ತದೆ. ದೀಪಾವಳಿಯ ಆಸುಪಾಸಿಗೆ ತಾಲೂಕಿನ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಪಶ್ಚಿಮದ ಕಾರ್ಖಾನೆಗಳ ಕಡೆಗೆ ಗಾಡಿ ಹತ್ತುತ್ತವೆ. ಹೊರಡುವ ವಾರದಲ್ಲಿ ಹಾಕಿದ ಆರ್ಡರ್ ಬರುವಷ್ಟರಲ್ಲಿ ಮನೆಗೆ ಬೀಗ. ಅಂಗಡಿಕಾರರು ಇಂಥ ಕಡೆ ಉದ್ರಿ ಬರೆದುಕೊಂಡು ಮಾಲು ಕೊಡುತ್ತಾರೆ, ಒಣದ್ರಾಕ್ಷಿ ಮಾರಿದ ಮೇಲೆ ತೀರಿಸಿಕೊಳ್ಳುತ್ತಾರೆ. ಕ್ಯಾಶ್ ಆನ್ ಡೆಲಿವರಿ ಅದಕ್ಕೆ ಪೂರ್ತಿ ವಿರುದ್ಧ: ಯಾವ ದಿನ ಎಂದು ಹೇಳುವುದಿಲ್ಲ, ಬಂದ ದಿನ ಪೂರ್ತಿ ನಗದು ಬೇಕು.

ರಿಸೆಲರ್ ಬೆಲೆ ತಿಳಿಯುವುದು ಈ ಜಾಗದಲ್ಲಿ. ಯಾರ ಮನೆಗೆ ಹಾಲಿನ ಬಿಲ್ಲು ಯಾವತ್ತು, ಯಾರು ಕಬ್ಬಿಗೆ ಹೊರಟಿದ್ದಾರೆ, ಯಾರು ಸುಮ್ಮನೆ ‘ಹಾಕ್ರಿ’ ಎನ್ನುತ್ತಾರೆ ಎಂಬುದು ಅವಳಿಗೆ ಗೊತ್ತು. ಸೂರತ್‌ಗೂ ಬೆಂಗಳೂರಿಗೂ ಅದು ಗೊತ್ತಾಗುವ ದಾರಿಯಿಲ್ಲ. ಹೀಗಾಗಿ ಕೆಲವರು ಪಾರ್ಸೆಲ್ಲನ್ನು ಗಿರಾಕಿಯ ವಿಳಾಸಕ್ಕೆ ಕಳಿಸದೆ ತಮ್ಮ ಮನೆಗೇ ತರಿಸುತ್ತಾರೆ. ತಾವೇ ಹಣ ಕಟ್ಟಿ ಬಿಡಿಸಿ, ವಿಡಿಯೋ ಮಾಡಿ ಒಡೆದು, ಸೀರೆ ನೋಡಿ, ನಗದು ಇದ್ದ ದಿನ ಗಿರಾಕಿಗೆ ಕೊಡುತ್ತಾರೆ. ಮರಳುವ ಪಾರ್ಸೆಲ್ ಕಡಿಮೆಯಾಗುತ್ತದೆ, ಪೂರೈಕೆದಾರನ ಖರ್ಚು ಉಳಿಯುತ್ತದೆ. ಆದರೆ ಆ ನಾಲ್ಕೈದು ದಿನ 480 ರೂಪಾಯಿ ಅವಳದು, ಸೀರೆಯೂ ಅವಳ ಮನೆಯಲ್ಲಿ. ಸಣ್ಣದಾದರೂ ಅವಳದು ಈಗ ದಾಸ್ತಾನಿರುವ ಅಂಗಡಿಯೇ, ಮತ್ತು ಈ ಕೆಲಸಕ್ಕೆ ಆ್ಯಪ್ ಬೇರೆ ಕೂಲಿ ಕೊಡುವುದಿಲ್ಲ.

ಕೊಡುವ ಕಾಲ ಮುಗಿದಿದೆ ಎಂದೇ ಹೇಳಬೇಕು. 2021ರ ಹೊತ್ತಿಗೆ ಮೀಶೋ ರಿಸೆಲರ್‌ಗಳನ್ನು ಬಿಟ್ಟು ನೇರ ಗಿರಾಕಿಗಳ ಕಡೆ ತಿರುಗಿತು, ಮಾರುವವರಿಂದ ಕಮಿಷನ್ ತೆಗೆದುಕೊಳ್ಳುವುದನ್ನೂ ನಿಲ್ಲಿಸಿತು. 2025ರ ಡಿಸೆಂಬರಿನಲ್ಲಿ ಷೇರುಪೇಟೆಗೆ ಬಂದದ್ದು ಈ ಹೊಸ ರೂಪದಲ್ಲೇ. ರಿಸೆಲರ್‌ಗೆ ಇದು ನೇರ ಏಟು: ಗಿರಾಕಿಯ ಮಗ ಫೋನಿನಲ್ಲಿ ಅದೇ ಆ್ಯಪ್ ತೆರೆದು ಅದೇ ಸೀರೆಯನ್ನು 480ಕ್ಕೆ ತೋರಿಸುತ್ತಾನೆ. ‘ಅಕ್ಕಾ, ನೀವು ಆರುನೂರು ಅಂದ್ರಲ್ರಿ?’ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಆ 120ರಲ್ಲಿ ಫೋಟೋ ಆರಿಸಿದ್ದು, ಬಾಗಿಲಲ್ಲಿ ಹಣ ಹೊಂದಿಸಿದ್ದು, ಕೆಟ್ಟ ಸೀರೆ ವಾಪಸ್ ಕಳಿಸಿದ್ದು ಎಲ್ಲ ಇದೆ. ಆದರೆ ಪರದೆಯ ಮೇಲೆ ಕಾಣುವುದು ಎರಡು ಬೆಲೆಗಳು ಮಾತ್ರ.

ಕಾನೂನು ಗಿರಾಕಿಯ ಪರವಾಗಿ ಸ್ಪಷ್ಟವಾಗಿಯೇ ಇದೆ. 2020ರ ಜುಲೈನಲ್ಲಿ ಬಂದ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ವಸ್ತು ದೋಷಯುಕ್ತವಾಗಿದ್ದರೆ, ಜಾಹೀರಾತಿನಂತೆ ಇಲ್ಲದಿದ್ದರೆ, ಹೇಳಿದ ವೇಳೆಗೆ ಬರದಿದ್ದರೆ ಮಾರುವವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ತಡಕ್ಕೆ ಇರುವ ವಿನಾಯಿತಿ ಪ್ರವಾಹದಂಥ ಕೈಮೀರಿದ ಕಾರಣಕ್ಕೆ ಮಾತ್ರ. ಮಾಲು ಬೇರೆಯವರ ಬಳಿ ಇತ್ತು ಎಂಬುದು ಆ ಪಟ್ಟಿಯಲ್ಲಿಲ್ಲ. 2019ರ ಕಾಯ್ದೆಯಂತೆ ಗಿರಾಕಿ ತಾನಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಸೂರತ್‌ಗೆ ಓಡಬೇಕಿಲ್ಲ. ಆ್ಯಪ್‌ನಲ್ಲಿ ಕೊಂಡಾಗ ಬಿಲ್ಲಿನಲ್ಲಿ ಪೂರೈಕೆದಾರನ ಹೆಸರಿರುತ್ತದೆ, ದೂರಿಗೆ ಒಂದು ಗುರಿ ಸಿಗುತ್ತದೆ. ವಾಟ್ಸಾಪ್ ಬಗೆಯಲ್ಲಿ ಗಿರಾಕಿಯ ಬಳಿ ಇರುವ ಒಂದೇ ದಾಖಲೆ ರಿಸೆಲರ್‌ಗೆ ಹಣ ಹೋದ ಯುಪಿಐ ರಸೀದಿ. ಹೋಲ್‌ಸೇಲ್‌ನವರು ಫೋನ್ ಎತ್ತುವುದು ನಿಲ್ಲಿಸಿದರೆ ಉತ್ತರ ಕೊಡಬೇಕಾದವಳು ಉಮದಿಯವಳು.

ಕೈಯಲ್ಲಿಲ್ಲದ ಮಾಲಿಗೆ ಮಾತು ಕೊಡುವ ಈ ಪ್ರಶ್ನೆ ಜತ್ತದ್ದು ಮಾತ್ರ ಅಲ್ಲ. ಅಮೆರಿಕದ ಚಪ್ಪಲಿ ಕಂಪನಿ ಝಾಪೋಸ್ 1999ರಲ್ಲಿ ಶುರುವಾದದ್ದೂ ಕೈಯಲ್ಲಿ ಮಾಲಿಲ್ಲದೆಯೇ. ನಿಕ್ ಸ್ವಿನ್‌ಮರ್ನ್ ಊರಿನ ಅಂಗಡಿಗಳ ಶೂಗಳ ಫೋಟೋ ತೆಗೆದು ಜಾಲತಾಣಕ್ಕೆ ಹಾಕಿದ. ಆರ್ಡರ್ ಬಂದರೆ ಕೊಂಡು ಕಳಿಸಿದ. ಆಮೇಲೆ ತಯಾರಕರೇ ನೇರ ಕಳಿಸತೊಡಗಿದರು. ವ್ಯಾಪಾರ ಬೆಳೆದಂತೆ ಗೊತ್ತಾದದ್ದು, ತಯಾರಕರ ಬಳಿ ಇರುವ ಮಾಲಿನ ಲೆಕ್ಕ ಪೂರ್ತಿ ಸರಿಯಿರುವುದಿಲ್ಲ, ಕಳಿಸುವ ವೇಗ ತಮ್ಮ ಕೈಯಲ್ಲಿಲ್ಲ ಎಂಬುದು. 2003ರಲ್ಲಿ ಕಂಪನಿಯ ಮಾರಾಟದ ಕಾಲುಭಾಗ ಡ್ರಾಪ್ ಶಿಪ್ಪಿಂಗ್‌ನಿಂದಲೇ ಬರುತ್ತಿತ್ತು. ಟೋನಿ ಶೇ ಮುನ್ನಡೆಸುತ್ತಿದ್ದ ಕಂಪನಿ ಆ ಕಾಲುಭಾಗವನ್ನು ಬಿಟ್ಟುಕೊಟ್ಟು ತನ್ನದೇ ಗೋದಾಮಿನಿಂದ ಮಾತ್ರ ಕಳಿಸಲು ನಿರ್ಧರಿಸಿತು. 2009ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ಝಾಪೋಸ್‌ಗೆ ಗೋದಾಮು ಕಟ್ಟುವ ಬಂಡವಾಳ ಒದಗಿತು. ಉಮದಿಯ ರಿಸೆಲರ್‌ಗೆ ಅದಿಲ್ಲ. ಆದರೆ ಶುರುವಿಗೆ ಸರಿಹೋದ ಪದ್ಧತಿ ಹೆಸರು ಕಟ್ಟಿದ ಮೇಲೆ ಅಡ್ಡಬರುತ್ತದೆ ಎಂಬುದು ಇಬ್ಬರಿಗೂ ಒಂದೇ.

ಈ ಪದ್ಧತಿಯ ಮೇಲೆ ಸಂಶೋಧನೆ ಮಾಡಿದ ಸರ್ಗೇ ನೆಟೆಸ್ಸಿನ್ ಮತ್ತು ನಿಲ್ಸ್ ರೂಡಿ ಇಂಥದೇ ಆಯ್ಕೆಯನ್ನು ಲೆಕ್ಕ ಹಾಕಿ ನೋಡಿದ್ದರು. ಪೂರ್ತಿ ದಾಸ್ತಾನು, ಪೂರ್ತಿ ಡ್ರಾಪ್ ಶಿಪ್ಪಿಂಗ್ ಎರಡರ ಜೊತೆಗೆ ಅವರು ಮೂರನೆಯ ದಾರಿಯನ್ನೂ ತೂಗಿದರು: ತಕ್ಕಮಟ್ಟಿಗೆ ಮಾಲು ತಮ್ಮಲ್ಲಿಟ್ಟುಕೊಂಡು, ಅದು ಮುಗಿದಾಗ ಮಾತ್ರ ಪೂರೈಕೆದಾರನಿಂದ ನೇರ ಕಳಿಸುವುದು. ಜತ್ತದ ಹಳ್ಳಿಗೆ ಒಗ್ಗುವುದು ಈ ಮೂರನೆಯದೇ. ಇಡೀ ವರ್ಷ ಫೋಟೋ ಹಂಚಿದವಳಿಗೆ ಅಂಗಡಿಕಾರರಿಗೂ ಇಲ್ಲದ ಒಂದು ತಿಳಿವಳಿಕೆ ಸಿಕ್ಕಿರುತ್ತದೆ: ತನ್ನ ಊರಲ್ಲಿ ಯಾವ ಬಣ್ಣ, ಯಾವ ಅಂಚು, ಯಾವ ಬೆಲೆ ಮತ್ತೆ ಮತ್ತೆ ಹೋಯಿತು ಎಂಬುದು. ಆ ತಿಳಿವಳಿಕೆಗೆ ಒಂದು ಪೈಸೆ ತೊಡಗಿಸಿಲ್ಲ. ಡ್ರಾಪ್ ಶಿಪ್ಪಿಂಗ್ ಅವಳಿಗೆ ಕೊಟ್ಟ ನಿಜವಾದ ಲಾಭ ಅದೇ. ಮೇಲಿನ ಲೆಕ್ಕದ 840 ರೂಪಾಯಿಗೆ ಹೋಲ್‌ಸೇಲ್‌ನಲ್ಲಿ ಅಂಥ ಎರಡು ಸೀರೆ ಬರುತ್ತವೆ. ಜಾತ್ರೆಗೆ, ಸೀಮಂತಕ್ಕೆ, ಮದುವೆಗೆ ದಿನ ಗೊತ್ತುಮಾಡಿ ಕೇಳುವವರಿಗೆ ಅವಳು ಮನೆಯಲ್ಲಿರುವುದನ್ನೇ ಕೊಡಬಹುದು. ದಿನದ ಹಂಗಿಲ್ಲದೆ ಸುಮ್ಮನೆ ಇಷ್ಟಪಟ್ಟವರಿಗೆ ಸೂರತ್‌ನ ಫೋಟೋ ತೋರಿಸಿ, ಆ್ಯಪ್ ಹೇಳಿದ ದಿನಾಂಕಕ್ಕೆ ನಾಲ್ಕು ದಿನ ಸೇರಿಸಿ ಹೇಳಬಹುದು. ಇಳಕಲ್‌ನ ಸಿಂಗಲ್ಸ್‌ ಬಂದಾಗ, ಇದೆ ಎಂಬ ಉತ್ತರ ಬರುವ ತನಕ ಹಣ ಮುಟ್ಟದಿರಬಹುದು.